ನಮ್ಮನೇಲಿ ಆನೆ ಇದೆ

ಮದುವೆ ಮನೆಯ ಪಂಕ್ತಿಯಲ್ಲಿ ನಾಲ್ಕು ವರ್ಷದ ಮಗುವೊಂದು ಪಕ್ಕದ ಎಲೆಯವರಿಗೆ ‘ನಮ್ಮನೇಲಿ ಆನೆ ಇದೆ’ ಎಂದಿತು. ಎಷ್ಟು ದೊಡ್ಡದು, ಎಲ್ಲಿ ಮಲಗುತ್ತೆ ಎಂದು ಕೇಳುವ ಸೌಜನ್ಯ ಯಾರಿಗೂ ಬರಲಿಲ್ಲ. ಹಿರಿಯರೊಬ್ಬರು ಹೋಳಿಗೆ ಮುರಿಯುತ್ತಲೇ ‘ಸುಳ್ಳು ಹೇಳಬಾರದು ಪುಟ್ಟಾ, ದೇವರು ಕಣ್ಣು ಕಿತ್ಕೊಂಡುಬಿಡ್ತಾನೆ’ ಎಂದರು. ಸುಳ್ಳು ಹೇಳಬಾರದೆಂಬ ಉಪದೇಶ, ಅದಕ್ಕೆ ಆಧಾರವಾಗಿ ಶುದ್ಧ ಸುಳ್ಳು, ಎರಡೂ ಒಂದೇ ಉಸಿರಿನಲ್ಲಿ! ಅವರ ಕಣ್ಣು ಮಾತ್ರ ಪಾಯಸದ ಬಕೆಟ್ ಎಲ್ಲಿಯವರೆಗೆ ಬಂತು ಎಂದು ನೋಡುವಷ್ಟು ಚೆನ್ನಾಗಿಯೇ ಇತ್ತು.

ಒಂದು ಪ್ರಶ್ನೆ ಕೇಳಿದ್ದರೆ ಅದು ಸುಳ್ಳೋ ಕಲ್ಪನೆಯೋ ಎಂಬುದು ಅಲ್ಲೇ ಗೊತ್ತಾಗುತ್ತಿತ್ತು. ಕಲ್ಪನೆಯ ಆನೆ ಪ್ರಶ್ನೆ ಕೇಳಿದಷ್ಟೂ ಬೆಳೆಯುತ್ತದೆ. ಬಚ್ಚಲಮನೆಯಲ್ಲಿ ಮಲಗುತ್ತದೆ, ದೋಸೆ ತಿನ್ನುತ್ತದೆ, ನಿನ್ನೆ ಅದಕ್ಕೆ ನೆಗಡಿಯಾಗಿತ್ತು, ನೀವೂ ಬನ್ನಿ ತೋರಿಸ್ತೀನಿ. ಸುಳ್ಳಿಗೆ ಪ್ರಶ್ನೆ ಬೇಡ. ‘ಲೋಟ ಒಡೆದದ್ದು ಯಾರು?’ ಎಂದರೆ ‘ನಾನಲ್ಲ’ ಎಂಬಲ್ಲಿಗೆ ಕಥೆ ಮುಗಿಯಬೇಕು, ಮಾತು ಬೇರೆ ಕಡೆ ಹೊರಳಬೇಕು. ಕಥೆ ಕಟ್ಟುವ ಮಗು ನಿಮ್ಮನ್ನು ಒಳಗೆ ಕರೆಯುತ್ತದೆ, ಸುಳ್ಳು ಹೇಳುವ ಮಗು ಬಾಗಿಲು ಹಾಕಿಕೊಳ್ಳುತ್ತದೆ. ಅನುಮಾನ ಬಂದರೆ ‘ನಿಜವಾದ ಆನೇನಾ, ಆಟದ ಆನೇನಾ?’ ಎಂದು ಮೆಲ್ಲಗೆ ಕೇಳಬಹುದು. ನಾಲ್ಕು ವರ್ಷದ ಹೆಚ್ಚಿನ ಮಕ್ಕಳು ‘ಆಟದ್ದು’ ಎಂದೇ ಹೇಳುತ್ತವೆ, ಇಷ್ಟೂ ತಿಳಿಯದೇ ಎಂಬಂತೆ ನಮ್ಮನ್ನು ನೋಡುತ್ತವೆ.

ಹಾಗೆಂದು ನಿಜಕ್ಕೂ ಆಟಕ್ಕೂ ನಡುವಿನ ಗೆರೆ ಅಷ್ಟು ಗಟ್ಟಿಯಲ್ಲ. ಬ್ರಿಟನ್ನಿನಲ್ಲಿ ಮನಶ್ಶಾಸ್ತ್ರಜ್ಞ ಪಾಲ್ ಹ್ಯಾರಿಸ್ ಮತ್ತು ಜೊತೆಗಾರರು 1991ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಪುಟ್ಟ ಮಕ್ಕಳಿಗೆ ಖಾಲಿ ಪೆಟ್ಟಿಗೆ ತೋರಿಸಿ, ಒಳಗೆ ರಾಕ್ಷಸ ಇದ್ದಾನೆ ಅಂದುಕೊಳ್ಳಿ ಎಂದರು. ಅದು ಬರೀ ಅಂದುಕೊಂಡದ್ದು ಎಂದು ಮಕ್ಕಳು ಒಪ್ಪಿದವು. ದೊಡ್ಡವರು ಹೊರಗೆ ಹೋಗುತ್ತೇವೆ ಎಂದದ್ದೇ ಕೆಲವು ಚಿಕ್ಕವು ‘ಹೋಗಬೇಡಿ’ ಎಂದವು. ಒಂಟಿಯಾಗಿ ಕೂತವರಲ್ಲಿ ಹಲವರು ಎದ್ದು ಪೆಟ್ಟಿಗೆ ತೆರೆದು ನೋಡಿದರು. ಇಲ್ಲವೆಂದು ಗೊತ್ತು, ಆದರೂ ಒಮ್ಮೆ ನೋಡಿಬಿಡೋಣ. ರಾತ್ರಿ ಹುಣಸೆಮರದ ಕೆಳಗೆ ಹೆಜ್ಜೆ ಚುರುಕಾಗುವ ನಾವು ಇದಕ್ಕೆ ನಗಬಾರದು.

ಸುಳ್ಳಿನ ಕಸುಬು ಬೇರೆ. ಅದನ್ನು ಅಳೆಯಲು ಮನಶ್ಶಾಸ್ತ್ರಜ್ಞರು ಹೂಡಿದ ಉಪಾಯ ನಮ್ಮ ಅಜ್ಜಿಯರು ಉಂಡೆ ಡಬ್ಬಿ ಎದುರಿಗಿಟ್ಟು ಹಿತ್ತಲಿಗೆ ಹೋಗುತ್ತಿದ್ದುದಕ್ಕಿಂತ ಹೆಚ್ಚೇನಲ್ಲ. ಮಗುವನ್ನು ಆಟಿಕೆಗೆ ಬೆನ್ನು ಮಾಡಿ ಕೂರಿಸುತ್ತಾರೆ. ತಿರುಗಿ ನೋಡಬೇಡ ಎಂದು ಹೇಳಿ ಹೊರಗೆ ಹೋಗುತ್ತಾರೆ. ಗುಪ್ತ ಕ್ಯಾಮೆರಾ ನೋಡುತ್ತಿರುತ್ತದೆ. ವಾಪಸು ಬಂದು ‘ನೋಡಿದೆಯಾ?’ ಎಂದು ಕೇಳುತ್ತಾರೆ. ಅಮೆರಿಕದ ಮೈಕಲ್ ಲೂಯಿಸ್ ತಂಡ 1989ರಲ್ಲಿ ಮೂರರ ಆಸುಪಾಸಿನ 33 ಮಕ್ಕಳ ವರದಿ ಕೊಟ್ಟಿತು. 29 ಮಕ್ಕಳು ತಿರುಗಿ ನೋಡಿದ್ದವು. ಅವುಗಳಲ್ಲಿ ನೋಡಿದೆ ಎಂದವೂ ಇಲ್ಲ ಎಂದವೂ ಹೆಚ್ಚುಕಡಿಮೆ ಸಮಸಮ, ಉಳಿದವು ಬಾಯಿಯೇ ಬಿಡಲಿಲ್ಲ.

ಸ್ವಾರಸ್ಯವಿರುವುದು ಮುಂದಿನ ಪ್ರಶ್ನೆಯಲ್ಲಿ. ಕೆನಡಾದ ಕಾಂಗ್ ಲೀ ಮತ್ತು ವಿಕ್ಟೋರಿಯಾ ತಲ್ವಾರ್ 2002ರ ಅಧ್ಯಯನದಲ್ಲಿ ಬಾರ್ನಿ ಎಂಬ ಬೊಂಬೆ ಇಟ್ಟರು. ಬಾರ್ನಿ ಎಂದರೆ ಅಲ್ಲಿನ ಟೀವಿಯ ನೇರಳೆ ಬಣ್ಣದ ಡೈನೋಸಾರ್, ಆಗಿನ ಮಕ್ಕಳಿಗೆಲ್ಲ ಗೊತ್ತಿತ್ತು. ‘ನೋಡಿಲ್ಲ’ ಎಂದ ಮಗುವಿಗೆ ‘ಹಾಗಾದರೆ ಅದೇನಿರಬಹುದು, ಊಹಿಸು’ ಎಂದರು. ಮೂರರಿಂದ ಐದರ ಹೆಚ್ಚಿನ ಸುಳ್ಳುಗಾರರು ಹಿಂದುಮುಂದು ನೋಡದೆ ‘ಬಾರ್ನಿ!’ ಎಂದುಬಿಟ್ಟರು. ಆರೇಳು ವರ್ಷದವರಲ್ಲಿ ಅರ್ಧದಷ್ಟು ಜನ ಮಾತ್ರ ಗೊತ್ತಿಲ್ಲದವರಂತೆ ನಟಿಸಿದರು. ಯಾಕೆ ಹೀಗೆ? ಮೊದಲ ಸುಳ್ಳಿಗೆ ಒಂದು ‘ಇಲ್ಲ’ ಸಾಕು. ಎರಡನೆಯದಕ್ಕೆ ಲೆಕ್ಕ ಇಡಬೇಕು: ನನಗೇನು ಗೊತ್ತು, ನೋಡಿರದಿದ್ದರೆ ಏನು ಗೊತ್ತಿರುತ್ತಿತ್ತು, ಎದುರಿನವರು ಏನೆಂದು ನಂಬಿದ್ದಾರೆ. ನಾಲಿಗೆಗೆ ಬಂದ ಸರಿಯುತ್ತರವನ್ನು ನುಂಗಿಕೊಳ್ಳಲೂ ಬೇಕು. ಲೀ ಹೇಳುವ ಐದು ವರ್ಷದ ಹುಡುಗಿಯೊಬ್ಬಳಿಗೆ ಈ ಲೆಕ್ಕ ಅರ್ಧ ಗೊತ್ತಿತ್ತು. ತನಗೆ ಹೇಗೆ ಗೊತ್ತಾಯಿತು ಎಂಬುದಕ್ಕೆ ಕಾರಣ ಬೇಕಲ್ಲ? ಬೊಂಬೆಯ ಮೇಲೆ ಹೊದಿಸಿದ ಬಟ್ಟೆಯ ಕೆಳಗೆ ಕೈ ಹಾಕಲು ಅನುಮತಿ ಕೇಳಿದಳು. ಕೈ ಹಾಕಿ, ಮುಟ್ಟಿ, ‘ನೇರಳೆ ಬಣ್ಣ ಅನ್ನಿಸ್ತಿದೆ, ಹಾಗಾದ್ರೆ ಬಾರ್ನಿ’ ಎಂದಳು! ಬೆರಳ ತುದಿಯಲ್ಲಿ ಬಣ್ಣ ತಿಳಿಯುವ ಈ ಪ್ರತಿಭೆಗೆ ಯಾವ ಸೀರೆ ಅಂಗಡಿಯಾದರೂ ಕರೆದು ಕೆಲಸ ಕೊಡಬೇಕು.

ಅಂದಹಾಗೆ ಮುಖ ನೋಡಿದರೆ ಸುಳ್ಳು ಗೊತ್ತಾಗುತ್ತೆ ಎನ್ನುವ ದೊಡ್ಡವರಿಗೆ ಈ ಮಕ್ಕಳ ವಿಡಿಯೋ ತೋರಿಸಿದಾಗ ಸುಳ್ಳು ಹೇಳಿದವರಾರು, ಹೇಳದವರಾರು ಎಂದು ಹೇಳಲಾಗಲಿಲ್ಲ. ಮಕ್ಕಳು ಸಿಕ್ಕಿಬೀಳುತ್ತಿದ್ದದ್ದು ಮಾತಿನಿಂದ, ಮುಖದಿಂದಲ್ಲ.

ಬೆತ್ತ ಹಿಡಿದರೆ ಸತ್ಯ ಹೊರಬೀಳುತ್ತದೆ ಎಂಬ ನಂಬಿಕೆಯಿದೆ. ಅದರ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಅದೇ ಲೀ ಮತ್ತು ತಲ್ವಾರ್ ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳಲ್ಲಿ ಇದೇ ಆಟ ಆಡಿಸಿ 2011ರಲ್ಲಿ ಬರೆದರು. ಒಂದರಲ್ಲಿ ಹೊಡೆತ ದಿನನಿತ್ಯದ ಪಾಠ, ಇನ್ನೊಂದರಲ್ಲಿ ಗದರಿಕೆಯಷ್ಟೇ. ಹೊಡೆಯುವ ಶಾಲೆಯ ಮಕ್ಕಳು ಹೆಚ್ಚು ಸುಳ್ಳು ಹೇಳಿದರು. ಸಾಲದ್ದಕ್ಕೆ ಎರಡನೆಯ ಪ್ರಶ್ನೆಯಲ್ಲೂ ಸುಳ್ಳನ್ನು ಚೆನ್ನಾಗಿಯೇ ಕಾಪಾಡಿಕೊಂಡರು. ಆ ಬೆತ್ತ ಕಲಿಸಿದ್ದು ಇದನ್ನೇ. ಉತ್ತರ ಗೊತ್ತಿದ್ದೂ ಕೇಳುವ ಪ್ರಶ್ನೆಯೂ ಅದೇ ಜಾತಿಯದು. ಹಾಲು ಚೆಲ್ಲಿದೆ, ಮಗುವಿನ ಅಂಗಿ ತೊಪ್ಪೆಯಾಗಿದೆ, ಆದರೂ ಕೈ ಸೊಂಟಕ್ಕಿಟ್ಟು ‘ಯಾರು ಚೆಲ್ಲಿದ್ದು?’ ಎನ್ನುತ್ತೇವೆ. ‘ಹಾಲು ಚೆಲ್ಲಿದೆ, ಬಟ್ಟೆ ತಗೊಂಡು ಬಾ, ಒರೆಸೋಣ’ ಎಂದರೆ ಸುಳ್ಳಿಗೆ ಜಾಗವೇ ಇರುವುದಿಲ್ಲ, ನೆಲವೂ ಒಣಗುತ್ತದೆ.

ಕಲ್ಪನೆಗೂ ಸುಳ್ಳಿಗೂ ಸೇರದ ಮೂರನೆಯದೊಂದಿದೆ, ಅದನ್ನು ಯೋಚಿಸಿದರೆ ನನ್ನ ಅಚ್ಚುಕಟ್ಟಾದ ವಿಂಗಡಣೆ ಕೆಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀಫನ್ ಸೆಸಿ ತಂಡ 1990ರ ದಶಕದಲ್ಲಿ ಶಾಲೆಗೆ ಹೋಗದ ವಯಸ್ಸಿನ ಮಕ್ಕಳನ್ನು ವಾರಕ್ಕೊಮ್ಮೆ ಕರೆದು, ನಡೆದ ಘಟನೆಗಳ ಜೊತೆ ನಡೆಯದೇ ಇದ್ದದ್ದನ್ನೂ ಕೇಳಿತು. ಇಲಿಬೋನಿಗೆ ಬೆರಳು ಸಿಕ್ಕಿಕೊಂಡು ಆಸ್ಪತ್ರೆಗೆ ಹೋಗಿದ್ದೆಯಾ, ಚೆನ್ನಾಗಿ ಯೋಚಿಸಿ ಹೇಳು. ಮೊದಲ ವಾರ ಇಲ್ಲ ಎಂದ ನಾಲ್ಕು ವರ್ಷದ ಹುಡುಗ ಕೊನೆಯ ಹೊತ್ತಿಗೆ ಕಥೆಯನ್ನೇ ಹೇಳಿದ: ಅಣ್ಣ ಬೊಂಬೆ ಕಿತ್ತುಕೊಳ್ಳಲು ಬಂದ, ಕೊಡಲಿಲ್ಲ, ಸೌದೆ ರಾಶಿಗೆ ತಳ್ಳಿದ, ಅಲ್ಲಿ ಇಲಿಬೋನಿತ್ತು. ಆಸ್ಪತ್ರೆ ದೂರ, ವ್ಯಾನಿನಲ್ಲಿ ಹೋದೆವು, ಡಾಕ್ಟರು ಈ ಬೆರಳಿಗೆ ಬ್ಯಾಂಡೇಜ್ ಕಟ್ಟಿದರು. ಅನುಭವಿ ಮನಶ್ಶಾಸ್ತ್ರಜ್ಞರೂ ಇಂಥ ವಿಡಿಯೋಗಳಲ್ಲಿ ನಡೆದದ್ದನ್ನೂ ನಡೆಯದ್ದನ್ನೂ ಬೇರೆ ಮಾಡಲಾರದೆ ಹೋದರು. ಹೀಗೆಲ್ಲ ನಡೆದೇ ಇಲ್ಲ ಎಂದು ಹೇಳಿದಾಗ ಕೆಲವು ಮಕ್ಕಳು ‘ನಡೀತು, ನನಗೆ ನೆನಪಿದೆ’ ಎಂದು ಹಟ ಹಿಡಿದವು.

ಇದು ಸುಳ್ಳಲ್ಲ, ಆಟವೂ ಅಲ್ಲ. ಎಳೆ ಕೊಟ್ಟವರು ಕೇಳಿದವರು, ನೇಯ್ದದ್ದು ಮಗು. ಆದ್ದರಿಂದ ‘ಸ್ಕೂಲಲ್ಲಿ ಮಿಸ್ ಹೊಡೆದ್ರಾ? ಯಾವ ಕೈಗೆ? ಜೋರಾಗಾ?’ ಎಂದು ದಿನಾ ಕೇಳುವ ಬದಲು ‘ಇವತ್ತು ಏನೇನಾಯ್ತು?’ ಎಂದು ಒಮ್ಮೆ ಕೇಳಿ ಸುಮ್ಮನಿರಬೇಕು, ಮಗು ಹೇಳಿದ್ದನ್ನು ಅದರದೇ ಮಾತಿನಲ್ಲಿ ನೆನಪಿಟ್ಟುಕೊಳ್ಳಬೇಕು. ಪ್ರಶ್ನೆ ಕೇಳಿ ಸುಮ್ಮನಿರುವ ನೆಂಟರು ಯಾರಿಗಾದರೂ ಇದ್ದರೆ ಅವರನ್ನು ಮುಂದಿನ ಮದುವೆಗೆ ದಯವಿಟ್ಟು ಮಕ್ಕಳ ಸಾಲಿನಲ್ಲೇ ಕೂರಿಸಿ.