ಡೇಟು ಅಂಗಡಿಗೆ, ಮಾತ್ರೆ ನಮಗೆ

ಈಗಷ್ಟೇ ಶಿರಸಿ ಪೇಟೆಯಿಂದ ಬಂದೆ. ಇದನ್ನು ಬರೆದು ಮುಗಿಸದೆ ಊಟ ಸೇರುವುದಿಲ್ಲ, ಹಾಗಾಗಿ ಕೂತಿದ್ದೇನೆ.

ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ಒಬ್ಬರು ವಯಸ್ಸಾದ ಅಮ್ಮ. ಬಿಪಿ ಮಾತ್ರೆ ನಾಲ್ಕೇ ಸಾಕು ಅಂದರು. ಹುಡುಗ ಕತ್ತರಿ ತೆಗೆದು ಕಚಕ್ಕನೆ ನಾಲ್ಕು ಕತ್ತರಿಸಿ ಕೊಟ್ಟ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ತಮಾ, ಇದ್ರ ಡೇಟ್ ಎಲ್ಲಿದ್ದು?" ಎಂದು ಕೇಳಿದರು. ಹುಡುಗ ತನ್ನ ಕೈಯಲ್ಲೇ ಉಳಿದಿದ್ದ ಆರು ಮಾತ್ರೆಯ ತುಂಡನ್ನು ಎತ್ತಿ ತೋರಿಸಿ, "ಇಲ್ಲಿದೆ ನೋಡಿ ಅಮ್ಮಾ, ಇನ್ನೂ ಒಂದು ವರ್ಷ ಇದೆ" ಎಂದು ಅದನ್ನು ವಾಪಸ್ ಡ್ರಾವರಿಗೆ ಹಾಕಿದ. ಅಲ್ಲಿಗೆ ಮುಗಿಯಿತು. ಮಾತ್ರೆ ಅಮ್ಮನ ಚೀಲಕ್ಕೆ, ಡೇಟು ಅಂಗಡಿಯ ಡ್ರಾವರಿಗೆ.

ಹುಡುಗನನ್ನು ಬೈಯಬೇಡಿ, ಅವನು ಮಾಡಿದ್ದು ಸರಿಯೇ. 1945ರ ಔಷಧ ನಿಯಮಗಳ ಪ್ರಕಾರ ಅವಧಿ ಮುಗಿದ ಔಷಧಿಯನ್ನು ಅಂಗಡಿಯವನು ಮಾರುವಂತಿಲ್ಲ, ಮಾರಾಟಕ್ಕೆಂದು ಇಟ್ಟುಕೊಳ್ಳುವಂತೆಯೂ ಇಲ್ಲ. ಉಳಿದ ಆರರ ತಾರೀಕು ಅವನಿಗೆ ಗೊತ್ತಿರಬೇಕು, ಇನ್‌ಸ್ಪೆಕ್ಟರ್ ಬಂದರೆ ತೋರಿಸಲೂ ಬೇಕು. ಹಾಗಾಗಿ ತಿಳಿದವರು ಯಾವಾಗಲೂ ಅಕ್ಷರ ಇಲ್ಲದ ತುದಿಯಿಂದಲೇ ಕತ್ತರಿಸುತ್ತಾರೆ. ಹತ್ತು ಮಾತ್ರೆಯ ಪಟ್ಟಿಗೆ ಒಂದೇ ಒಂದು ಕಡೆ ತಾರೀಕು ಒತ್ತಿ, ಅದನ್ನು ಇಬ್ಬರಿಗೆ ಹಂಚಿಕೊಳ್ಳಿ ಅಂದರೆ ಯಾರಾದರೊಬ್ಬರಿಗೆ ಸಿಗದೇ ಹೋಗುವುದೇ. ಆ ಒಬ್ಬರು ಯಾವಾಗಲೂ ನಾವೇ. ಅದರಲ್ಲೂ ಪೂರ್ತಿ ಸ್ಟ್ರಿಪ್ ಕೊಳ್ಳಲು ದುಡ್ಡಿಲ್ಲದವರು.

ಸರಿ, ಆ ತುದಿಯೇ ಸಿಕ್ಕಿತು ಅಂದುಕೊಳ್ಳಿ. ಓದಲಿಕ್ಕಾಗುತ್ತದೋ? ನಾನು ಪ್ರೆಸ್ ನಡೆಸಿದವನು, ಅಚ್ಚಿನ ಮೊಳೆಯ ಜೊತೆ ಬದುಕು ಸವೆಸಿದವನು ಅಂತ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಮನೆಗೆ ಬಂದು ನನ್ನದೇ ಶುಗರ್ ಮಾತ್ರೆಯ ಪಟ್ಟಿಯನ್ನು ಮಸೂರ ಹಿಡಿದು ನೋಡಿದೆ. (ಹೌದು, ಜೇಬಿನಲ್ಲಿ ಮಸೂರ ಇಟ್ಟುಕೊಳ್ಳುತ್ತೇನೆ. ಪೇಟೆಯಲ್ಲಿ ಯಾರೂ ನೋಡದಂತೆ ತೆಗೆಯುತ್ತೇನೆ. ವಯಸ್ಸಾಯ್ತು ಎಂದು ಒಪ್ಪಿಕೊಳ್ಳಲು ಇನ್ನೂ ಮನಸ್ಸಿಲ್ಲ.) ಹೆಸರು ಮಾತ್ರ ಹಾಳೆ ತುಂಬ, ನಾಲ್ಕು ಸಾಲಿನಲ್ಲಿ, ಬಣ್ಣದಲ್ಲಿ ಇದೆ. ತಾರೀಕು ಅಂಚಿನಲ್ಲಿ, ಮಸಿಯೇ ಇಲ್ಲದೆ ಬರೇ ಒತ್ತಿದ್ದು. ಅಲ್ಯೂಮಿನಿಯಂ ಹಾಳೆಯನ್ನು ಬಿಸಿ ಮಾಡಿ ಅಂಟಿಸುವಾಗ ಅದರ ಮೇಲೆಲ್ಲ ಸಣ್ಣ ಚೌಕುಳಿಯಂಥ ಗೆರೆಗಳು ಬೀಳುತ್ತವೆ. ಅದೇ ಗೆರೆಗಳ ಪಕ್ಕದಲ್ಲೋ ಮೇಲೆಯೋ ಈ ಅಕ್ಷರವನ್ನೂ ಒತ್ತಿದರೆ 3 ಯಾವುದು, 8 ಯಾವುದು, 6 ಯಾವುದು ಎಂದು ದೇವರೇ ಬಲ್ಲ. ನಮ್ಮ ಪ್ರೆಸ್ಸಿನಲ್ಲಿ ಇಂಥ ಅಚ್ಚು ತಂದು ತೋರಿಸಿದ್ದರೆ ಹಾಳೆ ಹರಿದು ಕೈಗೆ ಕೊಡುತ್ತಿದ್ದೆ.

ಮೇಲಿಂದ ಬೆಳಕು ಬಿದ್ದರೆ ಇದು ಕಾಣುವುದಿಲ್ಲ, ಹಾಳೆ ಕನ್ನಡಿಯಂತೆ ಹೊಳೆಯುತ್ತದೆ. ಟಾರ್ಚನ್ನು ಪಕ್ಕದಿಂದ, ಹಾಳೆಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಅಕ್ಷರದ ನೆರಳು ಬೀಳುತ್ತದೆ, ಆಗ ಓದಬಹುದು. ಓದಿದ ಮೇಲೂ ಎಚ್ಚರ ಬೇಕು. ಒಂದು ಕಡೆ 05/25, ಪಕ್ಕದಲ್ಲಿ 04/27 ಎಂದಿದ್ದರೆ ಮೊದಲನೆಯದು ತಯಾರಾದ ತಿಂಗಳು. ಅದನ್ನೇ ಎಕ್ಸ್‌ಪಾಯರಿ ಎಂದುಕೊಂಡು ಒಳ್ಳೆ ಮಾತ್ರೆ ಬಿಸಾಡಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಎರಡನೆಯದಕ್ಕೆ 2027ರ ಏಪ್ರಿಲ್ 30ರವರೆಗೆ ಬಳಸಬಹುದು ಎಂದರ್ಥ, ಏಪ್ರಿಲ್ ಒಂದಕ್ಕೇ ಮುಗಿಯಿತು ಎಂದಲ್ಲ.

ತಮಾಷೆ ಏನು ಗೊತ್ತೇ? ಅದೇ ನಿಯಮಗಳ 96ನೆಯದು ಹೇಳುವುದೇನೆಂದರೆ, ಈ ವಿವರಗಳು ಮುದ್ರಿತವಾಗಿರಬೇಕು ಇಲ್ಲವೇ ಅಳಿಸದ ಮಸಿಯಲ್ಲಿ ಬರೆದಿರಬೇಕು, ಎದ್ದು ಕಾಣುವಂತಿರಬೇಕು, ಅದೂ ಔಷಧಿಯ ತೀರಾ ಒಳಗಿನ ಹೊದಿಕೆಯ ಮೇಲೆ. ಎದ್ದು ಕಾಣುವಂತೆ! ಯಾರ ಕಣ್ಣಿಗೋ.

ಕಾರವಾರದಲ್ಲಿ ಔಷಧಿ ವ್ಯಾಪಾರ ಮಾಡುವ ಗೆಳೆಯ ಫೋನಿನಲ್ಲಿ ಸಮಜಾಯಿಷಿ ಕೊಟ್ಟ. "ಮಾರಾಯಾ, ಹೆಸರು ಬದಲಾಗುವುದಿಲ್ಲ, ಅದನ್ನು ಹಾಳೆಯ ಸುರುಳಿಯ ಮೇಲೆ ಮೊದಲೇ ಅಚ್ಚು ಹಾಕಿಸಿರುತ್ತಾರೆ. ಬ್ಯಾಚು, ತಾರೀಕು ಪ್ರತಿ ಸಲ ಬದಲಾಗುತ್ತದೆ, ಅದನ್ನು ಪ್ಯಾಕ್ ಮಾಡುವಾಗಲೇ ಒತ್ತಬೇಕು. ಜಾಗವೂ ಇಲ್ಲ." ಒಪ್ಪಿದೆ, ಕೆಲಸ ಹಾಗೆಯೇ. ಆದರೆ ಮೊಳೆ ಜೋಡಿಸಿದವನಿಗೆ ಈ ಕಥೆ ಹೇಳಬೇಡ ಅಂದೆ. ಒಂದು ಸಲ ಒತ್ತುವ ಯಂತ್ರ ಅದೇ ಪಟ್ಟಿಯ ಮೇಲೆ ನಾಲ್ಕು ಸಲ ಮಸಿಯಲ್ಲಿ ಒತ್ತಲಾರದೇ? ಹೆಸರನ್ನು ನಾಲ್ಕು ಸಾಲು ಹಾಕಲು ಸಿಕ್ಕ ಜಾಗ ತಾರೀಕಿಗೆ ಮಾತ್ರ ಸಿಗುವುದಿಲ್ಲವೇ?

ಕ್ಯೂಆರ್ ಕೋಡ್ ಇದೆಯಲ್ಲ ಎಂದು ಮಗಳು ಹೇಳಿದಳು. ಇದೆ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳಿಗೆ ಕಡ್ಡಾಯ. ಬ್ಯಾಚು, ತಾರೀಕು, ಲೈಸೆನ್ಸ್ ನಂಬರು ಎಲ್ಲ ಅದರೊಳಗೆ ಬರಬೇಕು. ಆದರೆ ಒಳಹೊದಿಕೆಯಲ್ಲಿ ಜಾಗ ಸಾಲದಿದ್ದರೆ ಹೊರಗಿನ ಪ್ಯಾಕಿನ ಮೇಲೆ ಹಾಕಬಹುದು ಎಂದು ನಿಯಮವೇ ಬಾಗಿಲು ತೆರೆದಿಟ್ಟಿದೆ. ಆ ರಟ್ಟಿನ ಡಬ್ಬಿ ಉಳಿಯುವುದು ಅಂಗಡಿಯ ಕಪಾಟಿನಲ್ಲಿ. ಅಲ್ಲಿಗೆ ಕ್ಯೂಆರ್ ಕೂಡ ಅಂಗಡಿಗೇ.

ಡೇಟು ಹೋದರೆ ಹೋಗಲಿ, ಬ್ಯಾಚ್ ನಂಬರು ಹೋದದ್ದು ನನಗೆ ಇನ್ನೂ ದೊಡ್ಡದು. 2025ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಛಿಂದ್ವಾರಾದ ಮಕ್ಕಳ ಸಾವಿನ ಸುದ್ದಿ ಬಂತಲ್ಲ, ಆ ಕೋಲ್ಡ್ರಿಫ್ ಕೆಮ್ಮಿನ ಸಿರಪ್ಪು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟಿತ್ತು ಎಂದು ತಮಿಳುನಾಡಿನ ಪ್ರಯೋಗಾಲಯ ಹೇಳಿತು. ಎಚ್ಚರಿಕೆ ಹೊರಟಿದ್ದು ಬ್ಯಾಚ್ ಎಸ್‌ಆರ್-13 ಎಂದು, ತಯಾರಾದದ್ದು 2025ರ ಮೇ, ಅವಧಿ 2027ರ ಏಪ್ರಿಲ್. ನೋಡಿ, ಎಕ್ಸ್‌ಪಾಯರಿ ಆಗಲು ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು! ತಾರೀಕು ನೋಡಿ ನಂಬಿದವರಿಗೆ ಅದು ಒಳ್ಳೆಯ ಔಷಧಿಯೇ. ಇದು ಬೇಡ ಎಂದು ಹೇಳಬಲ್ಲದ್ದು ಆ ಬ್ಯಾಚ್ ನಂಬರೊಂದೇ. ಅದು ಬಾಟಲಿ, ಮೈಮೇಲೆ ಲೇಬಲ್ ಇರುತ್ತದೆ, ಮನೆಯಲ್ಲಿದ್ದವರು ತೆಗೆದು ನೋಡಬಹುದಿತ್ತು. ಮಾತ್ರೆಯಾಗಿದ್ದರೆ? ಗುಣಮಟ್ಟ ಇಲ್ಲದ ಔಷಧಿಗಳ ಪಟ್ಟಿಯನ್ನು ಕೇಂದ್ರದವರು ಪ್ರತಿ ತಿಂಗಳು ಹೊರಡಿಸುತ್ತಾರೆ, ಅದರಲ್ಲಿ ಮಾತ್ರೆಗಳೂ ಬ್ಯಾಚ್ ನಂಬರಿನ ಸಮೇತ ಇರುತ್ತವೆ. ಬೆಳಗ್ಗೆ ನಾಲ್ಕು ಮಾತ್ರೆ ಒಯ್ದ ಆ ಅಮ್ಮ ಯಾವುದನ್ನು ಯಾವುದರ ಜೊತೆ ತಾಳೆ ನೋಡಬೇಕು?

ಬಿಲ್ಲಿನಲ್ಲಿ ಬ್ಯಾಚ್ ಇರುತ್ತದೆ ಎಂದು ಯಾರಾದರೂ ಕಮೆಂಟ್ ಹಾಕುತ್ತೀರಿ, ಗೊತ್ತು. ನಾಲ್ಕು ಮಾತ್ರೆಗೆ ಬಿಲ್ ಕೊಟ್ಟದ್ದನ್ನು ನೀವು ಎಷ್ಟು ಸಲ ನೋಡಿದ್ದೀರಿ? ಕೊಟ್ಟರೂ ಬಿಲ್ ಹೇಳುವುದು ಕಂಪ್ಯೂಟರ್ ಆರಿಸಿದ ಬ್ಯಾಚನ್ನು. ಡ್ರಾವರಿನಲ್ಲಿ ಅದೇ ಮಾತ್ರೆಯ ಎರಡು ಬ್ಯಾಚು ಇದ್ದು, ಹುಡುಗನ ಕೈಗೆ ಇನ್ನೊಂದು ಸಿಕ್ಕರೆ ಬಿಲ್ಲು ಒಂದು, ಪಟ್ಟಿ ಇನ್ನೊಂದು.

2023ರಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಕಂಪನಿಗಳ ಜೊತೆ ಮಾತಾಡಿತ್ತು. ಪಟ್ಟಿಯನ್ನು ಸುಲಭವಾಗಿ ಹರಿಯುವಂತೆ ತೂತಿನ ಗೆರೆ ಹಾಕಿ, ಹರಿದ ಪ್ರತಿ ತುಂಡಿನಲ್ಲೂ ತಾರೀಕು ಬರುವಂತೆ ಮಾಡಿ ಎಂಬ ಸಲಹೆ. ನನ್ನ ಶುಗರ್ ಪಟ್ಟಿಯಲ್ಲಂತೂ ಅದರ ಸುಳಿವಿಲ್ಲ. ಅದು ಬರುವವರೆಗೆ ಬಿಡಿ ಮಾತ್ರೆ ತರುವಾಗ ಅಂಗಡಿಯವರ ಹತ್ತಿರ ಸಣ್ಣ ಕಾಗದದ ಪಾಕೀಟು ಕೇಳಿ, ಅದರ ಮೇಲೆ ಹೆಸರು, ಬ್ಯಾಚು, ತಾರೀಕು ಪೆನ್ನಿನಲ್ಲಿ ಬರೆಸಿಕೊಳ್ಳಿ. ಕೈಯಲ್ಲಿರುವ ಪಟ್ಟಿ ನೋಡಿಯೇ ಬರೆಯಬೇಕು, ಕಂಪ್ಯೂಟರ್ ನೋಡಿಯಲ್ಲ. ಕೆಲವರು ನಗುತ್ತಲೇ ಬರೆದುಕೊಡುತ್ತಾರೆ. ಮುಖ ಗಂಟು ಹಾಕಿದವರ ಹತ್ತಿರ ಆ ನಂಬರನ್ನು ನೀವೇ ಗಟ್ಟಿಯಾಗಿ ಓದಿ ಹೇಳಿ ಎನ್ನಿ. ಅವರ ಕಣ್ಣಿಗೆ ಎಷ್ಟು ಕಾಣುತ್ತದೋ ನಾನೂ ನೋಡುತ್ತೇನೆ.