ಸತ್ಯಾಂಶ: ಒಂದೇ ಷೇರಿಗೆ ಎರಡು ದರ ಏಕೆ?

ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ: “ಮಾರ್ಕೆಟ್ ಮೇಕರ್ ಕೊಳ್ಳುವ ದರವನ್ನೂ ಮಾರುವ ದರವನ್ನೂ ತಾನೇ ಹಾಕುತ್ತಾನೆ. ಬೆಲೆ ಇಳಿಸಿ ನಮ್ಮ ಷೇರು ಕಸಿಯುತ್ತಾನೆ. ಎಚ್ಚರ!”

ಮಾರ್ಕೆಟ್ ಮೇಕರ್ ಎಂದರೆ ಒಂದು ಷೇರನ್ನು ಕೊಳ್ಳಲೂ ಮಾರಲೂ ತಾನೇ ಮುಂದೆ ನಿಲ್ಲುವ ದಲ್ಲಾಳಿ. ಸಂದೇಶದ ಮೊದಲ ವಾಕ್ಯ ನಿಜ, ಎರಡನೆಯದು ಅರ್ಧ ತಿಳಿದವರ ಊಹೆ. ಸಣ್ಣ ಕಂಪನಿಗಳ ಎಸ್‌ಎಂಇ ಷೇರುಗಳಲ್ಲಿ ಖರೀದಿದಾರರೇ ಕಾಣದ ದಿನಗಳುಂಟು. ಅದಕ್ಕೇ ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದ ಪ್ರಕಾರ ಅಲ್ಲಿ ಲಿಸ್ಟಿಂಗ್ ಆದ ಮೇಲೆ ಕನಿಷ್ಠ 3 ವರ್ಷ ಮಾರ್ಕೆಟ್ ಮೇಕರ್ ಇರಲೇಬೇಕು.

ಆತ 99 ರೂಪಾಯಿಗೆ ಕೊಳ್ಳುವೆ, 101ಕ್ಕೆ ಮಾರುವೆ ಎಂದು ದರ ಹಾಕಿದ್ದಾನೆ ಎನ್ನೋಣ. ಮಂಡಿಪೇಟೆಯ ವ್ಯಾಪಾರಿಯೊಬ್ಬರು ತುರ್ತಿಗೆ 1,000 ಷೇರು ಮಾರಿದರೆ ಅವರಿಗೆ 99,000 ರೂಪಾಯಿ ಸಿಗುತ್ತದೆ. ಅದೇ ಷೇರುಗಳು ಮಧ್ಯಾಹ್ನ ಬೇರೊಬ್ಬರಿಗೆ 101ರಂತೆ ಹೋದರೆ ಖರ್ಚು ಕಳೆಯುವ ಮುನ್ನ ಆತನಿಗೆ 2,000 ರೂಪಾಯಿ ಉಳಿಯುತ್ತದೆ. ಅಷ್ಟರಲ್ಲಿ ಕೆಟ್ಟ ಸುದ್ದಿ ಬಂದು ಬೆಲೆ 95ಕ್ಕೆ ಬಿದ್ದರೆ 4,000 ನಷ್ಟ ಆತನದೇ.

ಹಾಗಾಗಿ ದಾಸ್ತಾನು ಹೆಚ್ಚಿದೊಡನೆ ಆತ ಎರಡೂ ದರಗಳನ್ನು 98 ಮತ್ತು 100ಕ್ಕೆ ಇಳಿಸಬಹುದು. ಆಗ ಮಾರುವವರು ಹಿಂಜರಿಯುತ್ತಾರೆ, ಕೊಳ್ಳುವವರು ಮುಂದೆ ಬರುತ್ತಾರೆ. ಸಂದೇಶ ಬರೆದವರಿಗೆ ‘ಕಸಿಯುವಿಕೆ’ ಎನಿಸಿದ್ದು ಬಹುಶಃ ಇದೇ. ಕಸಿಯುವವನಾಗಿದ್ದರೆ ಇನ್ನಷ್ಟು ಷೇರು ಬೇಡವೆನ್ನುತ್ತಿರಲಿಲ್ಲ.

ಆತ ಬೆಲೆಗೆ ಖಾತರಿ ಕೊಡುವವನಲ್ಲ. ದಿನದ ವಹಿವಾಟಿನ ಶೇ 75ರಷ್ಟು ಸಮಯ ಎರಡೂ ಕಡೆ ದರ ಇಟ್ಟಿದ್ದರೆ ಸಾಕು. ಷೇರು ಮಾರುವ ಮುನ್ನ ಆ್ಯಪ್‌ನ ‘ಮಾರ್ಕೆಟ್ ಡೆಪ್ತ್’ ತೆರೆದು ಎರಡು ದರಗಳ ಅಂತರ ನೋಡಿ. ಅದು ಹಿಗ್ಗಿದ್ದರೆ ಇದಕ್ಕಿಂತ ಕಡಿಮೆಗೆ ಮಾರಬೇಡ ಎಂದು ದರ ನಿಗದಿ ಮಾಡುವ ಲಿಮಿಟ್ ಆರ್ಡರ್ ಹಾಕಿ.