ಐನೂರರ ಷೇರಿಗೆ ಹನ್ನೆರಡರ ಜಾತಕ

ಕಂಪನಿ ತನ್ನ ಷೇರನ್ನು ನ್ಯಾಯಬೆಲೆಗಿಂತ ಜಾಸ್ತಿಗೆ ಕೊಟ್ಟರೆ ಆ ಜಾಸ್ತಿ ದುಡ್ಡಿನ ಮೇಲೆ ಬೀಳುತ್ತಿದ್ದ ಏಂಜೆಲ್ ಟ್ಯಾಕ್ಸ್ ಸತ್ತಿತು ಎಂದು 2024ರ ಜುಲೈ ಬಜೆಟ್‌ನಲ್ಲಿ ಘೋಷಣೆಯಾದಾಗ ನಾನೂ ಚಪ್ಪಾಳೆ ತಟ್ಟಿದೆ. ತಕ್ಷಣ ಅಕ್ಕನ ಮಗನಿಗೆ ಫೋನ್ ಮಾಡಿ, ‘ಬದುಕಿಕೊಂಡೆ ಬಿಡೋ’ ಎಂದೆ.

‘ಮಾಮ, ಅದು ಸತ್ತಿರೋದು 2024ರ ಏಪ್ರಿಲ್‌ನಿಂದ ಈಚೆಗೆ ಕೊಟ್ಟ ಷೇರುಗಳಿಗೆ. ನಂದು 2021ರ ಡಿಸೆಂಬರ್. ನನ್ನ ಪಾಲಿಗೆ ಅದು ಗಟ್ಟಿಮುಟ್ಟಾಗಿದೆ’ ಎಂದ.

ಹುಡುಗನದು ಹಳ್ಳಿಯ ಹಾಲಿನ ಡೇರಿಗಳ ಲೆಕ್ಕ ಇಡುವ ಆ್ಯಪ್. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಯಾರಿಗೆ ಎಷ್ಟು ದುಡ್ಡು, ಎಲ್ಲ ಅದರಲ್ಲಿ. ಅವನ ಹಳೇ ಬಾಸ್ ಮತ್ತು ಇನ್ನಿಬ್ಬರು ಸೇರಿ ಒಂದು ಕೋಟಿ ಹಾಕಿದರು. 10 ರೂಪಾಯಿ ಮುಖಬೆಲೆಯ 20,000 ಷೇರು, ಒಂದಕ್ಕೆ 500. ದುಡ್ಡು ಬಂದದ್ದು ಬ್ಯಾಂಕ್ ಮೂಲಕ. ಮೂವರಿಗೂ ಪ್ಯಾನ್ ಉಂಟು, ರಿಟರ್ನ್ಸ್ ಉಂಟು, ಒಬ್ಬರಿಗೆ ಬಿಪಿಯೂ ಉಂಟು.

2023ರ ಜೂನ್‌ನಲ್ಲಿ ಇನ್ಕಮ್ ಟ್ಯಾಕ್ಸ್‌ನವರ ಸ್ಕ್ರುಟಿನಿ ನೋಟಿಸ್ ಬಂತು. ಆಮೇಲೆ ಅಸಲಿ ಪ್ರಶ್ನೆ: ಈ ಷೇರಿಗೆ 500 ಹೇಗೆ? ನ್ಯಾಯವಾದ ಬೆಲೆಗಿಂತ ಜಾಸ್ತಿ ಬಂದದ್ದನ್ನು ನಿಮ್ಮ ಆದಾಯ ಎಂದು ಏಕೆ ಹಿಡಿಯಬಾರದು?

ಬಂದದ್ದು ಬಂಡವಾಳ. ಕೊಟ್ಟವರಿಗೆ ಕಂಪನಿಯಲ್ಲಿ ಪಾಲು ಹೋಗಿದೆ. ಆದರೂ ಅದು ಆದಾಯವಂತೆ. ಲಂಚದ ದುಡ್ಡನ್ನು ಷೇರು ಪ್ರೀಮಿಯಂ ಅನ್ನೋ ಹೆಸರಲ್ಲಿ ತೊಳೆಯುವವರನ್ನು ಹಿಡಿಯಲು 2012ರಲ್ಲಿ ಈ ಬಲೆ ನೇಯ್ದರು. ಉದ್ದೇಶ ಚೆನ್ನಾಗಿಯೇ ಇತ್ತು. ಆದರೆ ದುಡ್ಡು ಕಪ್ಪೋ ಬಿಳಿಯೋ ಎಂದು ತಿಳಿಯಲು ದುಡ್ಡು ಎಲ್ಲಿಂದ ಬಂತು ಎಂದು ಕೇಳಬೇಕು. ಹಾಗೆ ಕೇಳಲು ಸೆಕ್ಷನ್ 68 ಎಂಬ ಬೇರೆ ಕಲಮೇ ಇದೆ. ಏಂಜೆಲ್ ಟ್ಯಾಕ್ಸಿನ ಕಲಮು ಕೇಳುವುದು ವಸ್ತುವಿಗೆ ಇಷ್ಟೊಂದು ಬೆಲೆ ಯಾಕೆ ಎಂದು. ಕಳ್ಳನನ್ನು ಹಿಡಿಯಲು ಅವನ ಅಂಗಿಯ ರೇಟು ಕೇಳಿದ ಹಾಗೆ. ಇದೇ ಬೆಂಗಳೂರಿನಲ್ಲಿ ಸೈಟು ಮಾರುವಾಗ ‘ವೈಟು ಎಷ್ಟು, ಬ್ಲ್ಯಾಕು ಎಷ್ಟು’ ಎಂದು ಕಾಫಿ ಕುಡಿಯುತ್ತಾ ಮಾತಾಡುತ್ತಾರೆ. ಹೋಗಲಿ, ಸೈಟಿನ ಕಥೆ ಶುರು ಮಾಡಿದರೆ ಇವತ್ತಿಗೆ ಮುಗಿಯಲ್ಲ.

ಹುಡುಗನ ಹತ್ತಿರ ವ್ಯಾಲ್ಯುಯೇಷನ್ ರಿಪೋರ್ಟ್ ಇತ್ತು. ಒಂದಲ್ಲ, ಎರಡು. ಕಂಪನಿ ಕಾನೂನಿಗೆ ರಿಜಿಸ್ಟರ್ಡ್ ವ್ಯಾಲ್ಯುಯರ್ ಬರೆದದ್ದು ಬೇಕು. ಇನ್ಕಮ್ ಟ್ಯಾಕ್ಸ್‌ಗೆ, ಡಿಸಿಎಫ್ ಲೆಕ್ಕವಾದರೆ, ಮರ್ಚೆಂಟ್ ಬ್ಯಾಂಕರ್ ಬರೆದದ್ದೇ ಆಗಬೇಕು. 2018ರವರೆಗೆ ಕಂಪನಿಯ ಆಡಿಟರ್ ಅಲ್ಲದ ಬೇರೆ ಚಾರ್ಟರ್ಡ್ ಅಕೌಂಟೆಂಟರು ಬರೆದರೂ ನಡೆಯುತ್ತಿತ್ತು, ಆಮೇಲೆ ಅವರ ಮೇಲಿನ ನಂಬಿಕೆ ಹೋಯಿತು. ಷೇರು ಒಂದೇ, ಡಾಕ್ಟರು ಇಬ್ಬರು.

ಈ ಡಿಸಿಎಫ್ ಅಂದರೆ ಮುಂದಿನ ಐದಾರು ವರ್ಷ ಕಂಪನಿಗೆ ಎಷ್ಟು ದುಡ್ಡು ಉಳಿಯಬಹುದು ಎಂದು ಅಂದಾಜು ಮಾಡಿ, ಅದಕ್ಕೆ ಇವತ್ತು ಎಷ್ಟು ಬೆಲೆ ಎಂದು ಹಿಂದಕ್ಕೆ ಎಳೆದು ತರುವ ಲೆಕ್ಕ. ಕೂಸು ಹುಟ್ಟುವ ಮುನ್ನ ಕುಲಾವಿ ಅಂತೀವಲ್ಲ, ಇಲ್ಲಿ ಕುಲಾವಿಯ ಅಳತೆ ಹಿಡಿದು ಕೂಸಿನ ತೂಕ ಬರೆಯುತ್ತಾರೆ. ಸುಳ್ಳು ಯಾಕೆ ಹೇಳಲಿ, ನಾನೇ ನೋಡಿದ್ದೇನೆ. ಮೊದಲು 500 ಎಂದು ಹೋಟೆಲಿನಲ್ಲಿ ಮಾತಾಯಿತು. ಆಮೇಲೆ ಎಕ್ಸೆಲ್ ತೆರೆದರು. ಮೊದಲ ಸಲ 340 ಬಂತು. ಬೆಳವಣಿಗೆಯ ದರ ಸ್ವಲ್ಪ ಏರಿಸಿದರು, ಡಿಸ್ಕೌಂಟ್ ದರ ಸ್ವಲ್ಪ ಇಳಿಸಿದರು, 510 ಬಂತು. ಹುಡುಗ ಹುಡುಗಿ ಒಪ್ಪಿದ ಮೇಲೆ ಜಾತಕ ಹೊಂದಿಸುವ ಜೋಯಿಸರೂ ಹೀಗೇ ಮಾಡುವುದು. ರಿಪೋರ್ಟಿನ ಕೊನೆ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಈ ಅಂಕಿಗಳನ್ನು ಕಂಪನಿಯವರೇ ಕೊಟ್ಟಿದ್ದು, ನಾವು ಪರಿಶೀಲಿಸಿಲ್ಲ’ ಎಂದಿತ್ತು. ಕೈ ತೊಳೆದುಕೊಳ್ಳುವ ಆ ಒಂದು ಸಾಲು ಸಾಕು, ಅಧಿಕಾರಿ ಇಡೀ ರಿಪೋರ್ಟನ್ನು ಪಕ್ಕಕ್ಕೆ ತಳ್ಳಲು. ಅಂಥ ಆರ್ಡರುಗಳನ್ನು ಇನ್ಕಮ್ ಟ್ಯಾಕ್ಸ್ ಟ್ರಿಬ್ಯುನಲ್ ಒಪ್ಪಿದ್ದೂ ಉಂಟು.

ಅಧಿಕಾರಿ ತಳ್ಳಿದರು. 2022-23ಕ್ಕೆ ರಿಪೋರ್ಟಿನಲ್ಲಿ ಬರೆದ ವ್ಯಾಪಾರ 90 ಲಕ್ಷ, ಆದದ್ದು 14 ಲಕ್ಷ. ಆದ್ದರಿಂದ ನಿಮ್ಮ ಅಂದಾಜೇ ಸುಳ್ಳು ಎಂದರು. ಡೇರಿಯವರು ‘ಮೊದಲ ವರ್ಷ ಫ್ರೀ ಕೊಡಿ’ ಅಂತಾರೆ ಎಂಬುದು ದಿಲ್ಲಿಯ ಮುಖವಿಲ್ಲದ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಈಗ ಎಲ್ಲ ಫೇಸ್‌ಲೆಸ್ ಅಲ್ವಾ. ಆಮೇಲೆ ಅವರು ಪುಸ್ತಕದ ಬೆಲೆ ಹಿಡಿದರು. ಅಂದರೆ ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದನ್ನು ಷೇರಿನ ಲೆಕ್ಕಕ್ಕೆ ಹಂಚುವುದು. ಇವರ ಆಸ್ತಿ ನಾಲ್ಕು ಲ್ಯಾಪ್‌ಟಾಪು, ಎರಡು ಮೇಜು. ಎರಡು ವರ್ಷ ಕೂತು ಬರೆದ ಪ್ರೋಗ್ರಾಮು ಬ್ಯಾಲೆನ್ಸ್ ಶೀಟಿನಲ್ಲಿ ಕಾಣುವುದಿಲ್ಲ. ಷೇರಿಗೆ ಬಂತು 12 ರೂಪಾಯಿ.

ಇನ್ನು ಗುಣಿಸುವುದೊಂದೇ ಬಾಕಿ. 500ರಲ್ಲಿ 12 ಹೋದರೆ 488. ಅದನ್ನು 20,000ದಿಂದ ಗುಣಿಸಿದರೆ 97 ಲಕ್ಷ 60 ಸಾವಿರ ‘ಆದಾಯ’. ಷೇರು ಕೊಟ್ಟ ವರ್ಷದ ನಷ್ಟ 17 ಲಕ್ಷ 60 ಸಾವಿರ ಕಳೆದರೆ 80 ಲಕ್ಷ. ಸೆಸ್ ಸೇರಿ ಶೇಕಡಾ 26ರಂತೆ ತೆರಿಗೆ 20 ಲಕ್ಷ 80 ಸಾವಿರ, ಬಡ್ಡಿ ಬೇರೆ. ಬ್ಯಾಂಕಿನಲ್ಲಿದ್ದದ್ದು 11 ಲಕ್ಷ.

ಹುಡುಗನ ಉತ್ತರ 46 ಪುಟ ಇತ್ತು. ಅದರಲ್ಲಿ ಕೆಲಸದ ಮಾತು ಎರಡೇ. ಒಂದು, ಯಾವ ವಿಧಾನ ಎಂದು ಆರಿಸುವ ಹಕ್ಕನ್ನು ಷೇರಿಗೆ ಬೆಲೆ ಕಟ್ಟುವ ನಿಯಮ 11ಯುಎ ಕಂಪನಿಗೆ ಕೊಟ್ಟಿದೆ. ಅಧಿಕಾರಿ ಡಿಸಿಎಫ್‌ನ ಅಂಕಿಗಳನ್ನು ಕೆದಕಬಹುದು, ಅದೇ ವಿಧಾನದಲ್ಲಿ ಬೇರೆ ಬೆಲೆ ಕಟ್ಟಿಸಬಹುದು, ವಿಧಾನವನ್ನೇ ಬದಲಿಸುವಂತಿಲ್ಲ. 2018ರಲ್ಲಿ ಬಾಂಬೆ ಹೈಕೋರ್ಟ್, 2019ರಲ್ಲಿ ಬೆಂಗಳೂರಿನ ಟ್ರಿಬ್ಯುನಲ್ ಇದನ್ನೇ ಹೇಳಿವೆ. ಎರಡು, ಅಂದಾಜನ್ನು ಅಂದಿನ ಕಣ್ಣಿನಿಂದ ನೋಡಬೇಕು, ಆಮೇಲೆ ಏನಾಯಿತು ಎಂಬುದರಿಂದಲ್ಲ. ಅದಕ್ಕಾಗಿ 2021ರಲ್ಲೇ ಡೇರಿಗಳು ಕಳಿಸಿದ್ದ ಒಪ್ಪಿಗೆ ಪತ್ರ, ಎಷ್ಟು ಸಂಘಗಳನ್ನು ಕಂಡೆವು ಎಂಬ ಪಟ್ಟಿ, ತಿಂಗಳ ದರದ ಕರಾರು ಎಲ್ಲ ಲಗತ್ತಿಸಿದ. 90 ಲಕ್ಷ ಗಾಳಿಯಿಂದ ಬಂದದ್ದಲ್ಲ ಎಂದು ತೋರಿಸುವ ಹೊಣೆ ಕಂಪನಿಯದೇ. ಬೆಂಗಳೂರಿನ ಆ ಆರ್ಡರಿನಲ್ಲಿ ಅದೂ ಇದೆ, ನಮ್ಮ ಆಡಿಟರ್ ಮಾತ್ರ ಆ ಪ್ಯಾರಾ ಓದಿರಲಿಲ್ಲ.

‘ಮಾನ್ಯತೆ ಪಡೆದ ಸ್ಟಾರ್ಟಪ್ ಆಗಿದ್ದರೆ ಈ ಗೋಳೇ ಇರುತ್ತಿರಲಿಲ್ಲವಲ್ಲೋ’ ಎಂದೆ. ಅರ್ಜಿ ಹಾಕಲು ಮರೆತಿದ್ದನಂತೆ. ಆ ವಿನಾಯಿತಿಯ ಷರತ್ತು ಓದಿದರೆ ಮನಸ್ಸು ತುಂಬಿ ಬರುತ್ತದೆ. ಏಳು ವರ್ಷ ಒಡವೆ ಕೊಳ್ಳಬಾರದು. 10 ಲಕ್ಷ ಮೀರಿದ ಕಾರು, ವಿಮಾನ, ವಿಹಾರ ನೌಕೆ ಕೊಳ್ಳಬಾರದು. ಪೇಂಟಿಂಗ್, ಶಿಲ್ಪ, ಪುರಾತನ ವಸ್ತು ಕೂಡದು. ಬಾಡಿಗೆ ಕಟ್ಟಲು ಒದ್ದಾಡುವ ಹುಡುಗರು ಹಂಪಿಯ ಕಲ್ಲು ಕೊಂಡಾರು ಎಂಬ ಭಯ ದಿಲ್ಲಿಯಲ್ಲಿ ಯಾರಿಗೆ ಬಂತೋ!

2023ರಲ್ಲಂತೂ ಹೊರದೇಶದವರ ಹೂಡಿಕೆಗೂ ಇದನ್ನೇ ಹಚ್ಚಿದರು. ವಿದೇಶಿಯರಿಗೆ ನ್ಯಾಯಬೆಲೆಗಿಂತ ಕಡಿಮೆಗೆ ಕೊಡಬೇಡಿ ಎಂದು ವಿದೇಶಿ ವಿನಿಮಯದ ಕಾನೂನು ಫೆಮಾ, ಜಾಸ್ತಿಗೆ ಕೊಡಬೇಡಿ ಎಂದು ಇನ್ಕಮ್ ಟ್ಯಾಕ್ಸ್. ಆಮೇಲೆ ಕರುಣೆಯಿಂದ ಶೇಕಡಾ 10 ಅತ್ತಿತ್ತ ಆಗಬಹುದು ಎಂದರು.

46 ಪುಟಕ್ಕೆ ಬಂದ ಆರ್ಡರಿನಲ್ಲಿ ‘ಉತ್ತರ ಒಪ್ಪತಕ್ಕದ್ದಲ್ಲ’ ಎಂದು ಒಂದೇ ಸಾಲು. 2024ರ ಮಾರ್ಚ್ ಕೊನೆಗೆ ಕಡತ ಮುಗಿಸಬೇಕಿತ್ತು, ಮುಗಿಸಿದರು. ಇಲ್ಲಿ ನನಗೆ ತಮಾಷೆ ಬರುತ್ತಿಲ್ಲ. ಮೇಲ್ಮನವಿ ಕೇಳುವ ತನಕ ವಸೂಲಿ ನಿಲ್ಲಿಸಲು ಶೇಕಡಾ 20 ಕಟ್ಟಿ ಎಂದರು. 4 ಲಕ್ಷ 16 ಸಾವಿರ. ಅದು ಇಬ್ಬರು ಹುಡುಗರ ಐದು ತಿಂಗಳ ಸಂಬಳ. ಇಬ್ಬರನ್ನೂ ಕಳಿಸಿದ. ತಪ್ಪು ಲೆಕ್ಕ ಎಂದು ನಾಳೆ ತೀರ್ಪು ಬಂದರೆ ದುಡ್ಡು ಬಡ್ಡಿ ಸಮೇತ ವಾಪಸ್ ಬರುತ್ತದೆ. ಆ ಇಬ್ಬರು ಬರುವುದಿಲ್ಲ.

ಮೊನ್ನೆ ಹಳೇ ಬಾಸ್ ಆರ್ಡರಿನ ಪ್ರತಿ ತರಿಸಿಕೊಂಡು ಪೂರ್ತಿ ಓದಿ ಫೋನ್ ಮಾಡಿದರಂತೆ. ‘ಏನಪ್ಪಾ, ಸರ್ಕಾರವೇ 12 ರೂಪಾಯಿ ಅಂತ ಬರೆದುಕೊಟ್ಟಿದೆ. ಆ ರೇಟಿಗೆ ನಂಗೆ ಇನ್ನೊಂದು ಐದು ಸಾವಿರ ಷೇರು ಕೊಡ್ತೀಯಾ?’

‘ಕೊಡೋಣ ಸರ್’ ಎಂದನಂತೆ ಇವನು. ‘ಮತ್ತೆ ವ್ಯಾಲ್ಯುಯೇಷನ್ ರಿಪೋರ್ಟ್ ಮಾಡಿಸಬೇಕು. ಅದರ ಫೀಸು ನೀವು ಕೊಡ್ತೀರಾ?’